ಪಟ್ಟಿಗೆ ಕಾಣದ ಪ್ರೋಟೀನ್, ಪ್ರನಾಳದಲ್ಲಿ ಮೂಡುವ ಮಬ್ಬು

ಸಲ್ಫೋಸ್ಯಾಲಿಸಿಲಿಕ್ ಆಮ್ಲವನ್ನು ಬೆರೆಸಿದರೆ ಮೂತ್ರದಲ್ಲಿ ಕರಗಿರುವ ಪ್ರೋಟೀನ್ ಕರಗದ ಬಿಳಿ ಕಣಗಳಾಗಿ ಹೊರಬೀಳುತ್ತದೆ. ಪ್ರೋಟೀನ್ ಇಲ್ಲದಿದ್ದರೆ ಪ್ರನಾಳದಲ್ಲಿರುವ ದ್ರವ ಮೊದಲಿನಂತೆ ತಿಳಿಯಾಗಿಯೇ ಇರುತ್ತದೆ. ಸ್ವಲ್ಪ ಇದ್ದರೆ ಗಂಜಿಯ ತಿಳಿಯಂಥ ಮಬ್ಬು ಕವಿಯುತ್ತದೆ, ಬಹಳ ಇದ್ದರೆ ಒಡೆದ ಹಾಲಿನಂತೆ ಗರಣೆ ಕಟ್ಟುತ್ತದೆ. ಆ ಮಬ್ಬಿನ ದಟ್ಟಣೆಯನ್ನು ಕಣ್ಣಿನಿಂದಲೇ ಅಂದಾಜು ಮಾಡಿ ಪ್ರೋಟೀನ್ ಎಷ್ಟಿದೆ ಎಂದು ಹೇಳುವ ಈ ಪರೀಕ್ಷೆಯನ್ನು ಪ್ರಯೋಗಾಲಯದವರು ಚಿಕ್ಕದಾಗಿ ಎಸ್‌ಎಸ್‌ಎ ಎನ್ನುತ್ತಾರೆ.

ಇಂದು ಮೂತ್ರದ ಪ್ರೋಟೀನನ್ನು ಮೊದಲು ನೋಡುವುದು ಡಿಪ್‌ಸ್ಟಿಕ್ ಪಟ್ಟಿಯಿಂದ. ಮೂತ್ರದಲ್ಲಿ ಅದ್ದಿ ತೆಗೆದು, ಒಂದು ನಿಮಿಷದಲ್ಲಿ ಬಣ್ಣ ನೋಡಿದರೆ ಉತ್ತರ ಸಿಗುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಪಟ್ಟಿ ಮತ್ತು ಎಸ್‌ಎಸ್‌ಎ ಒಂದೇ ಮಾತು ಹೇಳುತ್ತವೆ. ಆದರೆ ಕೆಲವು ಮಾದರಿಗಳಲ್ಲಿ ಪಟ್ಟಿ ಹಳದಿಯಾಗಿಯೇ ಇರುತ್ತದೆ, ಅದೇ ಮೂತ್ರ ಎಸ್‌ಎಸ್‌ಎ ಪ್ರನಾಳದಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಆಗ ಎರಡರಲ್ಲಿ ಒಂದು ತಪ್ಪಿರಬೇಕು ಎಂದು ತೋರುವುದು ಸಹಜ. ಎರಡೂ ಸರಿ ಇರಬಹುದು. ಪಟ್ಟಿ ಕೇಳುವ ಪ್ರಶ್ನೆ ಒಂದು, ಆಮ್ಲ ಕೇಳುವ ಪ್ರಶ್ನೆ ಇನ್ನೊಂದು. ಪಟ್ಟಿ ಮುಖ್ಯವಾಗಿ ಅಲ್ಬುಮಿನ್ ಎಂಬ ಒಂದೇ ಪ್ರೋಟೀನನ್ನು ಹುಡುಕುತ್ತದೆ. ಆಮ್ಲ ಹೆಚ್ಚುಕಡಿಮೆ ಎಲ್ಲ ಪ್ರೋಟೀನುಗಳನ್ನೂ ಹಿಡಿಯುತ್ತದೆ. ಈ ಎರಡು ಉತ್ತರಗಳ ನಡುವಿನ ಅಂತರದಲ್ಲಿ ಕೆಲವೊಮ್ಮೆ ಮೂಳೆಮಜ್ಜೆಯ ಕ್ಯಾನ್ಸರಿನ ಮೊದಲ ಸುಳಿವು ಇರುತ್ತದೆ.

ಪಟ್ಟಿ ನೋಡುವುದು ಏನನ್ನು

ಪಟ್ಟಿಯ ಪ್ರೋಟೀನ್ ಚೌಕದಲ್ಲಿ ಟೆಟ್ರಾಬ್ರೊಮೊಫಿನಾಲ್ ಬ್ಲೂ ಅಥವಾ ಅದರ ಬಂಧು ಬಣ್ಣವೊಂದು ಇರುತ್ತದೆ. ಇದು ಆಮ್ಲ-ಕ್ಷಾರ ಸೂಚಕ. ಆಮ್ಲೀಯ ವಾತಾವರಣದಲ್ಲಿ ಹಳದಿಯಾಗಿದ್ದು, ಪಿಎಚ್ ಏರಿದಂತೆ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟು ನೀಲಿಗೆ ತಿರುಗುವುದು ಅದರ ಗುಣ. ಚೌಕದಲ್ಲಿ ಬಣ್ಣದ ಜೊತೆಗೆ ಪಿಎಚ್ಚನ್ನು ಸುಮಾರು 3ರಲ್ಲೇ ಹಿಡಿದಿಡುವ ಬಫರ್ ಕೂಡ ಸೇರಿರುತ್ತದೆ. ಹಾಗಾಗಿ ಸಾಮಾನ್ಯ ಮೂತ್ರದಲ್ಲಿ ಅದ್ದಿದರೆ ಬಣ್ಣ ಹಳದಿಯಾಗಿಯೇ ಉಳಿಯುತ್ತದೆ.

ಅಲ್ಬುಮಿನ್ ಇದ್ದಾಗ ಮಾತ್ರ ಪಿಎಚ್ ಬದಲಾಗದೆಯೇ ಬಣ್ಣ ಬದಲಾಗುತ್ತದೆ. ಅಲ್ಬುಮಿನ್ ಬಣ್ಣದ ನೀಲಿ ರೂಪವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿತಕ್ಕೆ ಸಿಕ್ಕಿದಷ್ಟು ಬಣ್ಣ ಹಳದಿ ರೂಪಕ್ಕೆ ಮರಳುವುದಿಲ್ಲ. ಹೀಗಾಗಿ ಚೌಕ ಮೊದಲು ಹಸಿರಾಗಿ, ಅಲ್ಬುಮಿನ್ ಹೆಚ್ಚಿದಂತೆ ನೀಲಿಯತ್ತ ಸಾಗುತ್ತದೆ. ಪ್ರೋಟೀನ್ ಇರುವ ದ್ರಾವಣದಲ್ಲಿ ಸೂಚಕಗಳು ಪಿಎಚ್ಚನ್ನು ತಪ್ಪಾಗಿ ತೋರಿಸುತ್ತವೆ ಎಂಬುದನ್ನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್‌ಸನ್ 1909ರಲ್ಲೇ ಗಮನಿಸಿದ್ದರು. ಪಿಎಚ್ ಅಳೆಯುವವರಿಗೆ ತೊಡಕಾಗಿದ್ದ ಆ ದೋಷವನ್ನೇ ಅಮೆರಿಕದ ಏಮ್ಸ್ ಕಂಪನಿ ಉಪಯೋಗಕ್ಕೆ ತಂದುಕೊಂಡು 1957ರಲ್ಲಿ ಆಲ್ಬುಸ್ಟಿಕ್ಸ್ ಎಂಬ ಪಟ್ಟಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಹೆಸರಿನಲ್ಲಿಯೇ ಅಲ್ಬುಮಿನ್ ಇದೆ.

ಅಲ್ಬುಮಿನ್‌ಗೆ ಈ ಹಿಡಿತ ಬಂದಿರುವುದು ರಕ್ತದಲ್ಲಿ ಅದು ಮಾಡುವ ಕೆಲಸದಿಂದ. ನೀರಿನಲ್ಲಿ ಸುಲಭವಾಗಿ ಕರಗದ ಕೊಬ್ಬಿನಾಮ್ಲ, ಬಿಲಿರುಬಿನ್ ಹಾಗೂ ಅನೇಕ ಔಷಧಗಳನ್ನು ಹೊತ್ತು ಸಾಗಿಸುವುದು ಅದರ ಕಸುಬು. ಅದಕ್ಕಾಗಿ ಅದರ ಮೈಯಲ್ಲಿ ನೀರನ್ನು ದೂರವಿಡುವ ಗುಳಿಗಳಿವೆ, ಗುಳಿಗಳ ಅಂಚಿನಲ್ಲಿ ಧನ ವಿದ್ಯುದಂಶದ ಗುಂಪುಗಳಿವೆ. ಪಟ್ಟಿಯ ಬಣ್ಣದ ಕಣವೂ ಅದೇ ಜಾತಿಯದು: ಉಂಗುರಗಳಿಂದಾದ ಜಿಡ್ಡುಸ್ವಭಾವದ ಮೈ, ಮೇಲೆ ಋಣ ವಿದ್ಯುದಂಶ. ಅದು ಬಿಲಿರುಬಿನ್ ಕೂರುವಂಥ ಜಾಗದಲ್ಲಿಯೇ ಹೋಗಿ ಕೂರುತ್ತದೆ. ಇಮ್ಯುನೊಗ್ಲಾಬ್ಯುಲಿನ್‌ಗಳಿಗೆ, ಅವುಗಳ ತುಣುಕುಗಳಿಗೆ ಇಂಥ ಹೊರೆ ಹೊರುವ ಕೆಲಸವಿಲ್ಲ, ಅಂಥ ಗುಳಿಗಳೂ ಇಲ್ಲ. ಅವು ಬಣ್ಣವನ್ನು ಸಡಿಲವಾಗಿ ಮುಟ್ಟಿ ಬಿಟ್ಟುಬಿಡುತ್ತವೆ. ಡೆಸಿಲೀಟರಿಗೆ 15ರಿಂದ 30 ಮಿಲಿಗ್ರಾಂ ಅಲ್ಬುಮಿನ್ ಇದ್ದರೆ ಹಸಿರಾಗುವ ಪಟ್ಟಿ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇಮ್ಯುನೊಗ್ಲಾಬ್ಯುಲಿನ್ ತುಣುಕುಗಳಿದ್ದರೂ ಹಳದಿಯಾಗಿಯೇ ಉಳಿಯುವುದು ಇದರಿಂದಲೇ.

ಸಾಮಾನ್ಯ ಮೂತ್ರಪಿಂಡ ರೋಗದಲ್ಲಿ ಇದೊಂದು ಕೊರತೆಯಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ಉರಿಯೂತದಿಂದಲೋ ಮೂತ್ರಪಿಂಡದ ಸೋಸುಗುಚ್ಛಗಳು ಕೆಟ್ಟಾಗ, ರಕ್ತದಲ್ಲಿ ಅತಿ ಹೆಚ್ಚಾಗಿರುವ ಅಲ್ಬುಮಿನ್ನೇ ಮೊದಲು ಸೋರುತ್ತದೆ. ಅಲ್ಲಿ ಪಟ್ಟಿಯ ಉತ್ತರ ಸಾಕು. ಸೋಸುಗುಚ್ಛ ಸರಿಯಾಗಿದ್ದು, ರಕ್ತದಲ್ಲಿಯೇ ಚಿಕ್ಕ ಗಾತ್ರದ ಪ್ರೋಟೀನೊಂದು ಮಿತಿಮೀರಿ ತುಂಬಿಕೊಂಡು ತುಳುಕಿ ಮೂತ್ರಕ್ಕೆ ಬಂದಾಗ ಪಟ್ಟಿ ಎಡವುತ್ತದೆ.

ಆಮ್ಲ ಮಾಡುವ ಕೆಲಸ

ಪ್ರೋಟೀನ್ ನೀರಿನಲ್ಲಿ ಕರಗಿರಲು ಎರಡು ಆಸರೆಗಳಿವೆ. ಒಂದು, ಅದರ ಮಡಿಕೆ: ಜಿಡ್ಡುಸ್ವಭಾವದ ಭಾಗಗಳು ಒಳಗೆ, ನೀರಿಗೆ ಒಲಿಯುವ ಭಾಗಗಳು ಹೊರಗೆ. ಇನ್ನೊಂದು, ಮೈಮೇಲಿನ ವಿದ್ಯುದಂಶ: ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ಗುಂಪುಗೂಡುವುದಿಲ್ಲ. ಸಲ್ಫೋಸ್ಯಾಲಿಸಿಲಿಕ್ ಆಮ್ಲ ಈ ಎರಡನ್ನೂ ಕಿತ್ತುಹಾಕುತ್ತದೆ.

ಅದು ಬಲವಾದ ಆಮ್ಲ. ಮೂತ್ರಕ್ಕೆ ಬೆರೆತೊಡನೆ ಪಿಎಚ್ 1ರ ಆಸುಪಾಸಿಗೆ ಕುಸಿಯುತ್ತದೆ. ಅಷ್ಟು ಆಮ್ಲೀಯತೆಯಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಅದರ ಋಣ ಗುಂಪುಗಳೆಲ್ಲ ಹೈಡ್ರೋಜನ್ ಅಯಾನು ಪಡೆದು ತಟಸ್ಥವಾಗುತ್ತವೆ. ಲೈಸಿನ್, ಆರ್ಜಿನಿನ್, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳ ಧನ ಗುಂಪುಗಳು ಮಾತ್ರ ಉಳಿಯುತ್ತವೆ. ಆಮ್ಲದ ಇನ್ನೊಂದು ಭಾಗವಾದ ಸಲ್ಫೋಸ್ಯಾಲಿಸಿಲೇಟ್ ಅಯಾನಿನಲ್ಲಿ ಋಣ ವಿದ್ಯುದಂಶವಿದೆ. ಅದು ಈ ಧನ ಗುಂಪುಗಳಿಗೆ ಅಂಟಿಕೊಂಡು ಅವುಗಳ ವಿದ್ಯುದಂಶವನ್ನು ಅಳಿಸಿಹಾಕುತ್ತದೆ. ತಳ್ಳುವ ಬಲ ಹೋಯಿತು, ಜಿಡ್ಡುಭಾಗ ಹೊರಗೆ ಬಂತು. ಕಣಗಳು ಒಂದಕ್ಕೊಂದು ಅಂಟಿ ಬೆಳಕನ್ನು ಚೆದುರಿಸುವಷ್ಟು ದೊಡ್ಡದಾಗುತ್ತವೆ. ಕಣ್ಣಿಗೆ ಕಾಣುವ ಮಬ್ಬು ಎಂದರೆ ಚೆದುರಿದ ಬೆಳಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪಟ್ಟಿಯ ಪಿಎಚ್ 3ರಲ್ಲಿಯೂ ಎಲ್ಲ ಪ್ರೋಟೀನುಗಳ ಮೈ ಹೆಚ್ಚಾಗಿ ಧನ ವಿದ್ಯುದಂಶದ್ದೇ, ಅಲ್ಲಿಯ ಬಣ್ಣವೂ ಋಣ ಅಯಾನೇ. ಹಾಗಿದ್ದರೆ ಎರಡೂ ಪರೀಕ್ಷೆಗಳು ಒಂದೇ ಉತ್ತರ ಕೊಡಬೇಕಿತ್ತಲ್ಲ? ಕೊಡದಿರುವುದಕ್ಕೆ ಕಾರಣ ಪ್ರಮಾಣದಲ್ಲಿದೆ. ಚೌಕದಲ್ಲಿರುವ ಬಣ್ಣ ಅತ್ಯಲ್ಪ. ಗಟ್ಟಿಯಾಗಿ ಹಿಡಿಯುವ ಪ್ರೋಟೀನ್ ಮಾತ್ರ ಅದನ್ನು ನೀಲಿಯಲ್ಲಿ ನಿಲ್ಲಿಸಬಲ್ಲದು. ಪ್ರನಾಳದಲ್ಲಾದರೋ ಸಲ್ಫೋಸ್ಯಾಲಿಸಿಲೇಟ್ ಪ್ರೋಟೀನಿನ ಎದುರು ಹೇರಳವಾಗಿದೆ. ಅದಕ್ಕೆ ಗುಳಿ ಬೇಕಿಲ್ಲ, ಗಟ್ಟಿ ಹಿಡಿತ ಬೇಕಿಲ್ಲ. ಧನ ಗುಂಪು ಇದ್ದರೆ ಸಾಕು, ಅದು ಯಾವ ಪ್ರೋಟೀನಿನಲ್ಲಿ ತಾನೇ ಇಲ್ಲ? ಅಲ್ಬುಮಿನ್, ಗ್ಲಾಬ್ಯುಲಿನ್, ಹಿಮೋಗ್ಲೋಬಿನ್, ಬೆನ್ಸ್ ಜೋನ್ಸ್ ಪ್ರೋಟೀನ್ ಎಲ್ಲವೂ ಹೊರಬೀಳುತ್ತವೆ.

ಎಲ್ಲವೂ ಹೊರಬೀಳುತ್ತವೆ ಎಂದರೆ ಎಲ್ಲವೂ ಸಮನಾಗಿ ಮಬ್ಬಾಗುತ್ತವೆ ಎಂದಲ್ಲ. ಒಂದೇ ತೂಕಕ್ಕೆ ಅಲ್ಬುಮಿನ್ ಕೊಡುವ ಮಬ್ಬು ಗ್ಲಾಬ್ಯುಲಿನ್ ಕೊಡುವುದಕ್ಕಿಂತ ಹೆಚ್ಚು. ಆದ್ದರಿಂದ ಅಲ್ಬುಮಿನ್ ಲೆಕ್ಕದಲ್ಲಿ ಕಟ್ಟಿದ ಅಳತೆಗೋಲಿನಿಂದ ಗ್ಲಾಬ್ಯುಲಿನ್ನನ್ನು ಅಳೆದರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಪ್ರೋಟೀನ್ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆ ಚೆನ್ನಾಗಿ ಹೇಳುತ್ತದೆ, ಎಷ್ಟಿದೆ ಎಂಬುದನ್ನು ಅಂದಾಜಾಗಿ ಹೇಳುತ್ತದೆ.

ಪ್ರನಾಳದ ಮುಂದೆ

ವಿಧಾನ ಸರಳ. 3 ಗ್ರಾಂ ಸಲ್ಫೋಸ್ಯಾಲಿಸಿಲಿಕ್ ಆಮ್ಲವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತಂದರೆ ಶೇ. 3ರ ದ್ರಾವಣ ಸಿದ್ಧ. ಬೆಳಕು ತಾಗದಂತೆ ಕಂದು ಬಾಟಲಿಯಲ್ಲಿ ಇಡಬೇಕು. ಬಾಟಲಿಯಲ್ಲಿಯೇ ದ್ರಾವಣ ಮಬ್ಬಾಗಿದ್ದರೆ ಅದನ್ನು ಚೆಲ್ಲಬೇಕು. ಕೆಲವು ಪ್ರಯೋಗಾಲಯಗಳು ಶೇ. 20ರ ದ್ರಾವಣವನ್ನು ಹನಿಗಳ ಲೆಕ್ಕದಲ್ಲಿ ಬಳಸುವುದೂ ಉಂಟು. ಯಾವ ಸಾಂದ್ರತೆಯ ದ್ರಾವಣವೋ ಅದಕ್ಕೆ ಹೊಂದಿದ ಅಳತೆಗೋಲನ್ನೇ ಬಳಸಬೇಕು, ಒಂದರ ಗೋಲು ಇನ್ನೊಂದಕ್ಕೆ ಆಗದು.

ಮೊದಲ ಹೆಜ್ಜೆಯನ್ನು ಬಿಡುವಂತಿಲ್ಲ: ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಗಸಿಯನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಜೀವಕೋಶ, ಬ್ಯಾಕ್ಟೀರಿಯಾ, ಹರಳುಗಳು ಮೊದಲೇ ಮಬ್ಬು ತಂದಿದ್ದರೆ ಆಮ್ಲ ತಂದ ಮಬ್ಬು ಯಾವುದು ಎಂದು ತಿಳಿಯುವುದಿಲ್ಲ. ಬಳಿಕ 3 ಮಿಲಿಲೀಟರ್ ತಿಳಿಗೆ 3 ಮಿಲಿಲೀಟರ್ ಆಮ್ಲ ಸೇರಿಸಿ, ಬಾಯಿ ಮುಚ್ಚಿ, ಮೆಲ್ಲಗೆ ಬುಡಮೇಲು ಮಾಡಿ ಬೆರೆಸಬೇಕು. ಜೋರಾಗಿ ಕುಲುಕಿದರೆ ನೊರೆಯೂ ಗಾಳಿಗುಳ್ಳೆಯೂ ಕಣ್ಣನ್ನು ಮೋಸಗೊಳಿಸುತ್ತವೆ. ಪಕ್ಕದಲ್ಲಿ ಅದೇ ತಿಳಿಗೆ ಅಷ್ಟೇ ನೀರು ಬೆರೆಸಿದ ಇನ್ನೊಂದು ಪ್ರನಾಳವಿದ್ದರೆ ಹೋಲಿಕೆ ಸುಲಭ. ಸುಮಾರು 10 ನಿಮಿಷ ಬಿಟ್ಟು, ಹಿಂದೆ ಅಚ್ಚಾದ ಅಕ್ಷರಗಳ ಕಾಗದ ಹಿಡಿದು ನೋಡಬೇಕು.

ಮಬ್ಬೇ ಇಲ್ಲದಿದ್ದರೆ ಋಣ. ಕಷ್ಟಪಟ್ಟು ನೋಡಿದರೆ ಕಾಣುವ ಮಬ್ಬು ‘ಟ್ರೇಸ್’, ಎಂದರೆ ಡೆಸಿಲೀಟರಿಗೆ 6ರಿಂದ 30 ಮಿಲಿಗ್ರಾಂ. ಸ್ಪಷ್ಟ ಮಬ್ಬಿದ್ದು ಕಣಕಣವಾಗಿ ಕಾಣದಿದ್ದರೆ 1+, ಅದು 30ರಿಂದ 100 ಮಿಲಿಗ್ರಾಂ. ಮಬ್ಬಿನೊಳಗೆ ರವೆಯಂಥ ಕಣಗಳು ಕಂಡರೆ 2+, 100ರಿಂದ 200. ಕಣಗಳು ಕೂಡಿ ಹಿಂಜಿದ ಹತ್ತಿಯಂತೆ ತೇಲಿದರೆ 3+, 200ರಿಂದ 400. ಗರಣೆ ಕಟ್ಟಿ ತಳಕ್ಕೆ ಕೂತರೆ 4+, 400ಕ್ಕಿಂತ ಮೇಲೆ. ಈ ಹಂತಗಳನ್ನು ಓದುವುದು ಕಣ್ಣಿನ ಅಭ್ಯಾಸ. ಒಂದೇ ಪ್ರನಾಳವನ್ನು ಒಬ್ಬರು 1+ ಎಂದರೆ ಇನ್ನೊಬ್ಬರು 2+ ಎನ್ನಬಹುದು. ಗೊತ್ತಿರುವ ಪ್ರಮಾಣದ ಪ್ರೋಟೀನ್ ದ್ರಾವಣದಿಂದ ಮಾಡಿದ ಮಾದರಿ ಪ್ರನಾಳಗಳನ್ನು ಜೊತೆಗಿಟ್ಟುಕೊಂಡರೆ ಈ ವ್ಯತ್ಯಾಸ ತಗ್ಗುತ್ತದೆ.

1845ರ ಲಂಡನ್ ಮಾದರಿ

ಪಟ್ಟಿಗೆ ಕಾಣದ ಪ್ರೋಟೀನುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಪಟ್ಟಿ ಹುಟ್ಟುವ ನೂರಕ್ಕೂ ಹೆಚ್ಚು ವರ್ಷ ಮೊದಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಲಂಡನ್ನಿನ ದಿನಸಿ ವ್ಯಾಪಾರಿ, ನಲವತ್ತರ ಮಧ್ಯದ ವಯಸ್ಸಿನ ಥಾಮಸ್ ಅಲೆಕ್ಸಾಂಡರ್ ಮೆಕ್‌ಬೀನ್ ಎಂಬವರಿಗೆ 1844ರಲ್ಲಿ ಎದೆಯ ನೋವು ಶುರುವಾಯಿತು. ಮುಂದಿನ ವರ್ಷದ ಹೊತ್ತಿಗೆ ಮೂಳೆನೋವು ಮತ್ತು ನಿತ್ರಾಣ ಹೆಚ್ಚಾದವು. ವೈದ್ಯ ವಿಲಿಯಂ ಮೆಕಿಂಟೈರ್ ಈ ರೋಗಿಯ ಮೂತ್ರವನ್ನು ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ನೈಟ್ರಿಕ್ ಆಮ್ಲ ಹಾಕಿ ಬಂದ ಗಸಿ, ಬಿಸಿ ಮಾಡಿದರೆ ಕರಗಿ ಮಾಯವಾಗುತ್ತಿತ್ತು, ಆರಿದೊಡನೆ ಮತ್ತೆ ಮೂಡುತ್ತಿತ್ತು. ಅಲ್ಬುಮಿನ್ ಹೀಗೆ ಮಾಡುವುದಿಲ್ಲ. ಮೊಟ್ಟೆಯ ಬಿಳಿಯಂತೆ ಒಮ್ಮೆ ಬೆಂದು ಗಟ್ಟಿಯಾದರೆ ಅದು ಮತ್ತೆ ಕರಗದು.

1845ರ ನವೆಂಬರ್ 1ರಂದು ವೈದ್ಯ ಥಾಮಸ್ ವಾಟ್ಸನ್ ಆ ಮೂತ್ರವನ್ನು ಸೇಂಟ್ ಜಾರ್ಜ್ ಆಸ್ಪತ್ರೆಯ ರಸಾಯನತಜ್ಞ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಅವರಿಗೆ ಕಳಿಸಿ, ಇದೇನು ಎಂದು ಕೇಳಿದರು. ಬೆನ್ಸ್ ಜೋನ್ಸ್ ಲೆಕ್ಕ ಹಾಕಿದಾಗ ರೋಗಿ ದಿನಕ್ಕೆ ಸುಮಾರು 67 ಗ್ರಾಂ ಪ್ರೋಟೀನನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತಿದ್ದರು. ಆರೋಗ್ಯವಂತರಲ್ಲಿ ಅದು ದಿನಕ್ಕೆ 150 ಮಿಲಿಗ್ರಾಂ ದಾಟುವುದಿಲ್ಲ. ಮೆಕ್‌ಬೀನ್ 1846ರ ಜನವರಿ 1ರಂದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮೂಳೆಗಳು ಮೆತ್ತಗಾಗಿದ್ದುದು ಕಂಡುಬಂತು. ಆ ರೋಗವನ್ನು ಇಂದು ಮಲ್ಟಿಪಲ್ ಮೈಲೋಮಾ ಎನ್ನುತ್ತಾರೆ, ಆ ಪ್ರೋಟೀನಿಗೆ ಬೆನ್ಸ್ ಜೋನ್ಸ್ ಹೆಸರೇ ನಿಂತಿದೆ.

ಅದು ಏನು ಎಂಬುದು ಖಚಿತವಾದದ್ದು 1962ರಲ್ಲಿ. ಎಡೆಲ್‌ಮನ್ ಮತ್ತು ಗ್ಯಾಲಿ ಎಂಬ ವಿಜ್ಞಾನಿಗಳು ಬೆನ್ಸ್ ಜೋನ್ಸ್ ಪ್ರೋಟೀನ್ ಇಮ್ಯುನೊಗ್ಲಾಬ್ಯುಲಿನ್ನಿನ ಲೈಟ್ ಚೈನ್, ಅಂದರೆ ಹಗುರ ಸರಪಳಿ ಎಂದು ತೋರಿಸಿದರು. ಪ್ರತಿಯೊಂದು ಪ್ರತಿಕಾಯದಲ್ಲಿ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ಮೈಲೋಮಾದಲ್ಲಿ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳ ಒಂದೇ ವಂಶ ಲಂಗುಲಗಾಮಿಲ್ಲದೆ ಬೆಳೆದು, ಹಗುರ ಸರಪಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಲ್ಬುಮಿನ್ನಿನ ಅಣುತೂಕ ಸುಮಾರು 66 ಸಾವಿರವಾದರೆ ಒಂಟಿ ಹಗುರ ಸರಪಳಿಯದು 22ರಿಂದ 25 ಸಾವಿರ. ಗಟ್ಟಿಮುಟ್ಟಾದ ಸೋಸುಗುಚ್ಛದಲ್ಲಿಯೂ ಅದು ನುಸುಳಿ ಹೋಗುತ್ತದೆ. ಸ್ವಲ್ಪ ಪ್ರಮಾಣದಲ್ಲಿದ್ದರೆ ಮುಂದಿನ ನಾಳಗಳು ಅದನ್ನು ಮರಳಿ ಹೀರಿ ಒಡೆದುಹಾಕುತ್ತವೆ. ಅವುಗಳ ಕೈಮೀರಿದಷ್ಟು ಬಂದಾಗ ಅದು ಮೂತ್ರದಲ್ಲಿ ಹರಿಯುತ್ತದೆ. ಕೆಳಗಿನ ನಾಳಗಳಲ್ಲಿ ಮೂತ್ರಪಿಂಡದ್ದೇ ಆದ ಯುರೊಮೊಡ್ಯುಲಿನ್ ಪ್ರೋಟೀನಿನೊಂದಿಗೆ ಹೆಣೆದುಕೊಂಡು ಬೆಣೆಯಂತೆ ಗಟ್ಟಿಯಾಗಿ ನಾಳವನ್ನೇ ಮುಚ್ಚಿಬಿಡಬಹುದು.

ಒಂದು ಮಾದರಿಯ ಲೆಕ್ಕ

ಈ ರೋಗದಲ್ಲಿ ಕಾಣುವಂಥ ಅಂಕಿಗಳನ್ನಿಟ್ಟುಕೊಂಡು ಒಂದು ಉದಾಹರಣೆಯನ್ನು ಹಂತಹಂತವಾಗಿ ನೋಡಬಹುದು. 62 ವರ್ಷದ ಮಹಿಳೆ, ಮೂರು ತಿಂಗಳಿಂದ ಸೊಂಟನೋವು. ನೋವಿನ ಮಾತ್ರೆ ನುಂಗುತ್ತ ದಿನ ದೂಡಿದ್ದಾರೆ. ಹಿಮೋಗ್ಲೋಬಿನ್ 8.6 ಗ್ರಾಂ, ಸೀರಂ ಕ್ರಿಯಾಟಿನಿನ್ 3.4 ಮಿಲಿಗ್ರಾಂ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಹೆಚ್ಚಿಲ್ಲ. ಮೂತ್ರದ ಪಟ್ಟಿಯಲ್ಲಿ ಪ್ರೋಟೀನ್ ‘ಟ್ರೇಸ್’, ರಕ್ತ ಇಲ್ಲ, ಪಿಎಚ್ 5.5. ಪಟ್ಟಿಯ ಮಾತನ್ನಷ್ಟೇ ನಂಬಿದರೆ, ಪ್ರೋಟೀನ್ ಸೋರಿಕೆ ಇಲ್ಲದೆಯೇ ಮೂತ್ರಪಿಂಡ ಕೆಟ್ಟಿದೆ, ಬಹುಶಃ ನೋವಿನ ಮಾತ್ರೆಯ ಪರಿಣಾಮ ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಅದೇ ಮೂತ್ರದ ತಿಳಿಗೆ ಎಸ್‌ಎಸ್‌ಎ ಬೆರೆಸಿದಾಗ ದಟ್ಟ ಬಿಳಿ ಮಬ್ಬು ಬಂದು, ಹತ್ತು ನಿಮಿಷದಲ್ಲಿ ಹತ್ತಿಯಂಥ ತುಣುಕುಗಳು ತೇಲುತ್ತವೆ: 3+. ಪಟ್ಟಿ 30ಕ್ಕಿಂತ ಕಡಿಮೆ ಎನ್ನುತ್ತಿದೆ, ಪ್ರನಾಳ 200 ದಾಟಿದೆ ಎನ್ನುತ್ತಿದೆ. ಈ ಅಂತರ ಕಣ್ಣಿನ ಅಂದಾಜಿನ ಏರುಪೇರಿಗೆ ಮೀರಿದ್ದು. ಆದ್ದರಿಂದ 24 ಗಂಟೆಯ ಮೂತ್ರ ಸಂಗ್ರಹಿಸಿ ಯಂತ್ರದಲ್ಲಿ ಅಳೆಯಲಾಗುತ್ತದೆ. ಒಟ್ಟು ಮೂತ್ರ 1,800 ಮಿಲಿಲೀಟರ್, ಅಂದರೆ 18 ಡೆಸಿಲೀಟರ್. ಒಟ್ಟು ಪ್ರೋಟೀನ್ 4.3 ಗ್ರಾಂ. ಭಾಗಿಸಿದರೆ ಡೆಸಿಲೀಟರಿಗೆ ಸುಮಾರು 239 ಮಿಲಿಗ್ರಾಂ, ಪ್ರನಾಳದ 3+ಗೆ ಹೊಂದುತ್ತದೆ. ಅಲ್ಬುಮಿನ್ನನ್ನು ಬೇರೆಯಾಗಿ ಅಳೆದರೆ ಸಿಗುವುದು 350 ಮಿಲಿಗ್ರಾಂ, ಡೆಸಿಲೀಟರಿಗೆ ಸುಮಾರು 19. ಪಟ್ಟಿಯ ‘ಟ್ರೇಸ್’ಗೆ ಇದು ಹೊಂದುತ್ತದೆ. ಪಟ್ಟಿ ಸುಳ್ಳು ಹೇಳಿರಲಿಲ್ಲ. ತನಗೆ ಗೊತ್ತಿದ್ದ 19 ಮಿಲಿಗ್ರಾಮಿನ ಬಗ್ಗೆ ಸರಿಯಾಗಿಯೇ ಹೇಳಿತ್ತು. ಉಳಿದ ಸುಮಾರು 220 ಮಿಲಿಗ್ರಾಂ ಅದರ ಪಾಲಿಗೆ ಇರಲೇ ಇಲ್ಲ.

ಆ ಉಳಿದದ್ದು ಯಾವ ಪ್ರೋಟೀನ್ ಎಂದು ಎಸ್‌ಎಸ್‌ಎ ಹೇಳಲಾರದು. ಅದಕ್ಕೆ ಮೂತ್ರದ ಎಲೆಕ್ಟ್ರೊಫೊರೆಸಿಸ್ ಮತ್ತು ಇಮ್ಯುನೊಫಿಕ್ಸೇಶನ್ ಬೇಕು. ವಿದ್ಯುತ್ತಿನ ಎಳೆತದಲ್ಲಿ ಪ್ರೋಟೀನುಗಳನ್ನು ಬೇರೆಬೇರೆ ಮಾಡಿ, ಪ್ರತಿಕಾಯಗಳ ನೆರವಿನಿಂದ ಗುರುತು ಹಿಡಿಯುವ ವಿಧಾನಗಳಿವು. ಈ ಮಾದರಿಯಲ್ಲಿ ಲ್ಯಾಮ್ಡಾ ಜಾತಿಯ ಹಗುರ ಸರಪಳಿಯ ಒಂದೇ ಕಡು ಗೆರೆ ಕಾಣುತ್ತದೆ. ರಕ್ತದಲ್ಲಿ ಬಿಡಿ ಹಗುರ ಸರಪಳಿಗಳ ಅಳತೆ, ಬಳಿಕ ಮೂಳೆಮಜ್ಜೆಯ ಪರೀಕ್ಷೆ ರೋಗವನ್ನು ಖಚಿತಪಡಿಸುತ್ತವೆ. ಇಂಥ ರೋಗಿಯ ರಕ್ತದ ಸಾಮಾನ್ಯ ಎಲೆಕ್ಟ್ರೊಫೊರೆಸಿಸ್‌ನಲ್ಲಿ ಮೈಲೋಮಾದ ಗುರುತಾದ ಗೆರೆ ಕಾಣದೆಯೂ ಹೋಗಬಹುದು, ಏಕೆಂದರೆ ಹಗುರ ಸರಪಳಿ ರಕ್ತದಲ್ಲಿ ನಿಲ್ಲದೆ ಮೂತ್ರಕ್ಕೆ ಜಾರುತ್ತದೆ. ಮೈಲೋಮಾ ರೋಗಿಗಳಲ್ಲಿ ಶೇ. 15ರಿಂದ 20ರಷ್ಟು ಮಂದಿಯಲ್ಲಿ ಕೇವಲ ಹಗುರ ಸರಪಳಿಯೇ ತಯಾರಾಗುತ್ತದೆ. ಅವರಲ್ಲಿ ಬೇಗ ಪತ್ತೆಯಾದಷ್ಟೂ ಮೂತ್ರಪಿಂಡ ಉಳಿಯುವ ಸಾಧ್ಯತೆ ಹೆಚ್ಚು. ನೋವಿನ ಮಾತ್ರೆಯನ್ನು ಕೂಡಲೇ ನಿಲ್ಲಿಸುವುದು, ದೇಹದ ನೀರಿನಂಶ ಬತ್ತದಂತೆ ನೋಡಿಕೊಳ್ಳುವುದು ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲಿ ಸೇರಿವೆ.

ಮಬ್ಬು ದಾರಿ ತಪ್ಪಿಸುವ ಸಂದರ್ಭಗಳು

ಎಸ್‌ಎಸ್‌ಎಯಲ್ಲಿ ಬಂದ ಮಬ್ಬೆಲ್ಲ ಪ್ರೋಟೀನ್ ಅಲ್ಲ. ಆಮ್ಲದಲ್ಲಿ ಕರಗದ ಬೇರೆ ವಸ್ತು ಮೂತ್ರದಲ್ಲಿದ್ದರೆ ಅದೂ ಹೊರಬೀಳುತ್ತದೆ. ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಕೊಡುವ ಅಯೊಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವ ಇವುಗಳಲ್ಲಿ ಮುಖ್ಯ. ಹೆಚ್ಚಿನ ಪ್ರಮಾಣದ ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್, ಸಲ್ಫಾ ಔಷಧಗಳು, ಹಳೆಯ ಸಕ್ಕರೆ ಕಾಯಿಲೆಯ ಔಷಧವಾದ ಟಾಲ್‌ಬ್ಯುಟಮೈಡ್ ಕೂಡ ಹೀಗೆ ಮಾಡುತ್ತವೆ. ಈ ವಸ್ತುಗಳಿಗೆ ಪಟ್ಟಿಯ ಬಣ್ಣ ಸ್ಪಂದಿಸುವುದಿಲ್ಲ. ಆದ್ದರಿಂದ ಇಲ್ಲಿಯೂ ‘ಪಟ್ಟಿ ಋಣ, ಪ್ರನಾಳ ಧನ’ ಎಂಬ ಮೈಲೋಮಾದ್ದೇ ಚಿತ್ರ ಮೂಡುತ್ತದೆ.

ಬಿಡಿಸಿ ನೋಡಲು ದಾರಿಗಳಿವೆ. ಮಬ್ಬಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರೋಟೀನ್ ಆಕಾರವಿಲ್ಲದ ಪುಡಿಯಂತೆ ಕಾಣುತ್ತದೆ, ಔಷಧ ಅಥವಾ ಕಾಂಟ್ರಾಸ್ಟ್ ಹರಳುಗಳಾಗಿ ಕಾಣಬಹುದು. ಮೂತ್ರದ ಸಾಪೇಕ್ಷ ಸಾಂದ್ರತೆ 1.040 ಮೀರಿದ್ದರೆ ಕಾಂಟ್ರಾಸ್ಟ್ ಇದೆ ಎಂದು ಶಂಕಿಸಬೇಕು, ಏಕೆಂದರೆ ಮೂತ್ರಪಿಂಡ ತಾನಾಗಿ ಮೂತ್ರವನ್ನು ಅಷ್ಟು ಗಾಢಗೊಳಿಸಲಾರದು. ಎಲ್ಲಕ್ಕಿಂತ ಸುಲಭ ಉಪಾಯವೆಂದರೆ ರೋಗಿ ಹಿಂದಿನ ಒಂದೆರಡು ದಿನಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡಿದ್ದರೇ, ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ ಎಂದು ವಿಚಾರಿಸುವುದು, ಅವು ದೇಹದಿಂದ ಹೊರಹೋದ ಮೇಲೆ ಹೊಸ ಮಾದರಿಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡುವುದು. ಸೊಂಟನೋವಿಗೆಂದು ಬಂದವರು ಮೂತ್ರ ಕೊಡುವ ಮೊದಲೇ ಸ್ಕ್ಯಾನ್ ಮಾಡಿಸಿಕೊಂಡಿರುವುದು ಅಪರೂಪವಲ್ಲ, ಹಾಗಾಗಿ ಈ ವಿಚಾರಣೆ ಬೇಕೇ ಬೇಕು.

ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದು. ಬಹಳ ಹೊತ್ತು ಹೊರಗಿಟ್ಟ ಮೂತ್ರದಲ್ಲಿ, ಕೆಲವು ಸೋಂಕುಗಳಲ್ಲಿ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ತೀರಾ ಕ್ಷಾರೀಯವಾಗುತ್ತದೆ. ಅಂಥ ಮೂತ್ರ ಒಂದು ಕಡೆ ಪಟ್ಟಿಯ ಬಫರನ್ನು ಸೋಲಿಸಿ, ಪ್ರೋಟೀನ್ ಇಲ್ಲದಿದ್ದರೂ ಚೌಕವನ್ನು ನೀಲಿಯಾಗಿಸುತ್ತದೆ. ಇನ್ನೊಂದು ಕಡೆ ಎಸ್‌ಎಸ್‌ಎಯ ಆಮ್ಲೀಯತೆಯನ್ನು ತಗ್ಗಿಸಿ, ಇರುವ ಪ್ರೋಟೀನನ್ನೂ ಮರೆಮಾಡಬಹುದು. ಹೀಗಾಗಿ ‘ಪಟ್ಟಿ ಧನ, ಪ್ರನಾಳ ಋಣ’ ಎಂಬ ಫಲಿತಾಂಶ ಬಂದರೆ ಮೊದಲು ಪಿಎಚ್ ನೋಡಬೇಕು. ಅದು 8ನ್ನು ಮೀರಿದ್ದರೆ ಕೆಲವು ಹನಿ ದುರ್ಬಲ ಆಮ್ಲದಿಂದ ಮೂತ್ರವನ್ನು ಆಮ್ಲೀಯಗೊಳಿಸಿ ಎಸ್‌ಎಸ್‌ಎಯನ್ನು ಮತ್ತೆ ಮಾಡಬೇಕು. ಆಗಲೂ ತಿಳಿಯಾಗಿಯೇ ಇದ್ದರೆ ಪಟ್ಟಿಯ ಬಣ್ಣ ಹುಸಿ. ಮೂತ್ರದ ಪಾತ್ರೆಯಲ್ಲಿ ಉಳಿದ ಸೋಂಕುನಾಶಕಗಳೂ, ಮುಖ್ಯವಾಗಿ ಕ್ಲೋರ್‌ಹೆಕ್ಸಿಡಿನ್ ಮತ್ತು ಕ್ವಾಟರ್ನರಿ ಅಮೋನಿಯಂ ಜಾತಿಯವು, ಪಟ್ಟಿಯನ್ನು ಹೀಗೆಯೇ ಹುಸಿಯಾಗಿ ನೀಲಿಯಾಗಿಸುತ್ತವೆ.

ಭಾರತದ ಚಿಕ್ಕ ಪ್ರಯೋಗಾಲಯಗಳಲ್ಲಿ ಮೂತ್ರವನ್ನು ಕುದಿಸಿ ಅಸಿಟಿಕ್ ಆಮ್ಲ ಹಾಕಿ ನೋಡುವ ಹಳೆಯ ವಿಧಾನವೂ ಬಳಕೆಯಲ್ಲಿದೆ. ಅಲ್ಬುಮಿನ್ನಿಗೆ ಅದು ಒಳ್ಳೆಯ ಪರೀಕ್ಷೆ. ಆದರೆ ಮೆಕ್‌ಬೀನರ ಮೂತ್ರ ತೋರಿಸಿದ ಗುಣವನ್ನು ಇಲ್ಲಿ ನೆನೆಯಬೇಕು. ಬೆನ್ಸ್ ಜೋನ್ಸ್ ಪ್ರೋಟೀನ್ 40ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಮಬ್ಬಾಗಿ, ಕುದಿಯುವ ಹೊತ್ತಿಗೆ ಬಹುಪಾಲು ಕರಗಿಬಿಡುತ್ತದೆ. ಕುದಿಯುತ್ತಿರುವಾಗಲೇ ನೋಡಿದ ಕಣ್ಣಿಗೆ ಅದು ತಪ್ಪಿಸಿಕೊಳ್ಳಬಹುದು. ಎಸ್‌ಎಸ್‌ಎ ತಣ್ಣಗೆ ನಡೆಯುವ ಪರೀಕ್ಷೆಯಾದ್ದರಿಂದ ಈ ತೊಡಕು ಅದಕ್ಕಿಲ್ಲ.

ಎಲ್ಲಿಯವರೆಗೆ ನಂಬಬಹುದು

ಎಸ್‌ಎಸ್‌ಎ ಡೆಸಿಲೀಟರಿಗೆ 5ರಿಂದ 10 ಮಿಲಿಗ್ರಾಂ ಪ್ರೋಟೀನನ್ನು ತೋರಿಸಬಲ್ಲದು. ಹಗುರ ಸರಪಳಿ ಅದಕ್ಕಿಂತ ಕಡಿಮೆ ಇದ್ದರೆ ಪ್ರನಾಳ ತಿಳಿಯಾಗಿಯೇ ಇರುತ್ತದೆ. ಮೈಲೋಮಾದ ಆರಂಭದಲ್ಲಿ, ಹಗುರ ಸರಪಳಿಯೇ ಅಂಗಗಳಲ್ಲಿ ನಾರಿನಂತೆ ಸೇರಿಕೊಳ್ಳುವ ಅಮಿಲಾಯ್ಡ್ ರೋಗದಲ್ಲಿ ಆ ಪ್ರಮಾಣ ತೀರಾ ಸಣ್ಣದಿರಬಹುದು. ಆದ್ದರಿಂದ ಮೂಳೆನೋವು, ರಕ್ತಹೀನತೆ, ಕಾರಣ ತಿಳಿಯದ ಮೂತ್ರಪಿಂಡ ವೈಫಲ್ಯ ಇವು ಒಟ್ಟಿಗೆ ಕಂಡಾಗ ಪ್ರನಾಳ ತಿಳಿಯಾಗಿದೆ ಎಂಬ ಕಾರಣಕ್ಕೆ ಹುಡುಕಾಟ ನಿಲ್ಲಿಸುವಂತಿಲ್ಲ. ರಕ್ತದಲ್ಲಿನ ಬಿಡಿ ಹಗುರ ಸರಪಳಿಗಳ ಅಳತೆ ಮತ್ತು ಇಮ್ಯುನೊಫಿಕ್ಸೇಶನ್ ಆಗಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ವರ್ಷಕ್ಕೊಮ್ಮೆ ನೋಡುವ ಅತ್ಯಲ್ಪ ಅಲ್ಬುಮಿನ್ನಿಗೂ ಇದು ತಕ್ಕ ಪರೀಕ್ಷೆಯಲ್ಲ. ಅಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವೇ ಬೇಕು.

ಪಟ್ಟಿ ಮತ್ತು ಪ್ರನಾಳ ಎರಡನ್ನೂ ಒಂದೇ ಮಾದರಿಯಲ್ಲಿ ನೋಡಿದಾಗ ನಾಲ್ಕು ಜೋಡಿ ಉತ್ತರಗಳು ಸಾಧ್ಯ. ಎರಡೂ ಋಣವಾದರೆ ಹೇಳಿಕೊಳ್ಳುವಷ್ಟು ಪ್ರೋಟೀನ್ ಇಲ್ಲ. ಎರಡೂ ಸರಿಸುಮಾರು ಒಂದೇ ಮಟ್ಟದಲ್ಲಿ ಧನವಾದರೆ ಸೋರುತ್ತಿರುವುದು ಮುಖ್ಯವಾಗಿ ಅಲ್ಬುಮಿನ್, ಸೋಸುಗುಚ್ಛದತ್ತ ನೋಡಬೇಕು. ಪಟ್ಟಿ ಮಾತ್ರ ಧನವಾದರೆ ಮೂತ್ರದ ಪಿಎಚ್ಚನ್ನೂ ಪಾತ್ರೆಯನ್ನೂ ವಿಚಾರಿಸಬೇಕು. ಪ್ರನಾಳ ಮಾತ್ರ ಧನವಾದರೆ, ಅಥವಾ ಪಟ್ಟಿಗಿಂತ ಎರಡು ಮೂರು ಹಂತ ಮೇಲಿದ್ದರೆ, ಕಾಂಟ್ರಾಸ್ಟ್ ಮತ್ತು ಔಷಧಗಳನ್ನು ಬದಿಗಿಟ್ಟ ಮೇಲೆ ಉಳಿಯುವ ಮುಖ್ಯ ಶಂಕೆ ಹಗುರ ಸರಪಳಿಯದು. ಆ ಮಾದರಿಯನ್ನು ಎಲೆಕ್ಟ್ರೊಫೊರೆಸಿಸ್‌ಗೆ ಕಳಿಸಬೇಕು.